ಒಂದೇ ಬಾಟಲಿ: ಟೊಮ್ಯಾಟೊಗೆ 3 ದಿನ, ಮೆಣಸಿನಕಾಯಿಗೆ 40 ದಿನ



ನಾನಿರೋದು ಪುಣೆಯಲ್ಲಿ. ತರಕಾರಿ, ಹಣ್ಣುಗಳಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ. ನಿಮ್ಮಲ್ಲಿ ಹಲವರಿಗೆ ಊರಿಂದ ವಾಟ್ಸಾಪ್‌ನಲ್ಲಿ ಔಷಧಿ ಬಾಟಲಿಯ ಫೋಟೋ ಬರ್ತಿರಬಹುದು, "ಇದರಾಗ ಏನ್ ಬರದೈತಿ ಸ್ವಲ್ಪ ಓದಿ ಹೇಳು" ಅಂತ. ಅಂಥವರಿಗೆ ಇದು ಉಪಯೋಗಕ್ಕೆ ಬರುತ್ತೆ.

ನಮ್ಮ ಕಾಕಾ ಹಾವೇರಿ ಕಡೆ ಒಂದು ಎಕರೆ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದರು. ಎಲೆ ಮುಟುರು ಬಂತು, ಥ್ರಿಪ್ಸ್ ನುಸಿ ಕಾಣಿಸ್ತು. ಅಂಗಡಿಯಿಂದ ಇಮಿಡಾಕ್ಲೋಪ್ರಿಡ್ 17.8% ಎಸ್‌ಎಲ್ ತಂದು ಹೊಡೆದರು. ಆಮೇಲೆ ನನಗೆ ಎರಡು ಫೋಟೋ ಕಳಿಸಿ ಫೋನ್ ಮಾಡಿದರು: "ಹಸಿ ಕಾಯಿಗೆ ರೇಟ್ ಚಲೋ ಐತಿ. ಎಣ್ಣಿ ಹೊಡದು ಎಷ್ಟ್ ದಿನಕ್ಕ ಹರಿಬೇಕು?"

ಮೊದಲನೇ ಫೋಟೋ ಬಾಟಲಿಯ ಮುಂಭಾಗದ್ದು. ಅದರಲ್ಲಿ ವಜ್ರಾಕಾರದ ಗುರುತು ಸ್ಪಷ್ಟವಾಗಿತ್ತು: ಕೆಳಗಿನ ಅರ್ಧ ಹಳದಿ, ಮೇಲೆ ಕೆಂಪಕ್ಷರದಲ್ಲಿ 'ಪಾಯ್ಸನ್'. ಎರಡನೇದು ಬಾಟಲಿ ಜತೆ ಬರುವ ಮಡಚಿದ ಚೀಟಿಯದ್ದು. ಅದರಲ್ಲಿ ಒಂದು ಪಟ್ಟಿಯ ಬಲತುದಿ ಮಾತ್ರ ಬಂದಿತ್ತು. ಒಂದು ಸಾಲಿನ ಕೊನೆಯಲ್ಲಿ 500, ಅದರ ಪಕ್ಕ 3. ನಾನು ಕೆಲಸದ ಗಡಿಬಿಡಿಯಲ್ಲಿ ಹೇಳಿಬಿಟ್ಟೆ, "3 ದಿನ ಬಿಡ್ರಿ ಕಾಕಾ, ಸಾಕು."

ರಾತ್ರಿ ಊಟ ಮಾಡುವಾಗ ತಲೆಗೆ ಹೊಳೀತು. ಆ ಸಾಲು ಯಾವ ಬೆಳೆದು ಅಂತ ನಾನು ನೋಡಿರಲೇ ಇಲ್ಲ. ಬೆಳೆಯ ಹೆಸರು ಇರೋದು ಪಟ್ಟಿಯ ಎಡತುದಿಯಲ್ಲಿ. ಅದು ಫೋಟೋದಲ್ಲಿ ಇರಲೇ ಇಲ್ಲ!

ತಕ್ಷಣ ಫೋನ್ ಮಾಡಿ, ಚೀಟಿ ಪೂರ್ತಿ ಬಿಚ್ಚಿ, ನೆಲದ ಮೇಲೆ ಚಪ್ಪಟೆ ಇಟ್ಟು, ತಲೆಸಾಲು ಕಾಣೋ ಹಾಗೆ ಇನ್ನೊಮ್ಮೆ ತೆಗೀರಿ ಅಂದೆ. ಬಂತು. ನಾನು ಓದಿದ್ದು ಟೊಮ್ಯಾಟೊ ಸಾಲು, ಬಿಳಿನೊಣಕ್ಕೆ. ಮೆಣಸಿನಕಾಯಿ ಸಾಲು ಮಡಿಕೆಯ ಒಳಗೆ ಅಡಗಿತ್ತು. ಅದರ ಕೊನೆಯಲ್ಲಿದ್ದದ್ದು 40.

ಒಂದೇ ಬಾಟಲಿ, ಒಂದೇ ಔಷಧಿ. ಆದರೂ ಕಾಯುವ ದಿನ ಬಾಟಲಿಗೆ ಒಂದು ಅಂತ ಇರಲ್ಲ, ಬೆಳೆಬೆಳೆಗೆ ಬೇರೆ ಇರುತ್ತೆ. ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಇರಬೇಕಾದ ಅಂತರ ಅದು. ಹಸಿ ಕಾಯಿ ಹರಿಯೋಕೆ ಶುರು ಮಾಡಿದ ಮೇಲೆ ಎಂಟು ಹತ್ತು ದಿನಕ್ಕೊಮ್ಮೆ ಹರೀತಾರೆ. 40 ದಿನ ಕಾಯಬೇಕಾದ ಔಷಧಿ ಆ ಹೊತ್ತಿಗೆ ಹೊಂದೋದೇ ಇಲ್ಲ. ಅದನ್ನ ಹೊಡೆಯೋ ಮುಂಚೆ ಓದಬೇಕಿತ್ತು. ತೊಳೆದರೆ ಹೋಗಲ್ವಾ ಅಂತ ಕಾಕಾ ಕೇಳಿದರು. ಇದು ಗಿಡದ ರಸದೊಳಗೆ ಸೇರಿ ಓಡಾಡುವ ಔಷಧಿ. ತೊಳೆದರೆ ಮೇಲಿನದ್ದು ಸ್ವಲ್ಪ ಹೋಗಬಹುದು, ಒಳಗಿರೋದು ಹೋಗಲ್ಲ.

ಈಗ ಪ್ರಮಾಣಕ್ಕೆ ಬರೋಣ. ಮೆಣಸಿನಕಾಯಿ ಸಾಲಿನಲ್ಲಿ ಕ್ರಮವಾಗಿ ಹೀಗಿತ್ತು: 25–50, 125–250, 500–700, 40. ಮೊದಲನೇದು ಸಕ್ರಿಯ ಪದಾರ್ಥದ ಗ್ರಾಂ ಲೆಕ್ಕ, ಅದನ್ನ ನಾವು ಅಳೆಯೋದಲ್ಲ. ಬಾಟಲಿಯಿಂದ ಅಳೆದು ಹಾಕೋದು ಎರಡನೇದು, 125ರಿಂದ 250 ಮಿಲಿಲೀಟರ್. ಮೂರನೇದು ನೀರು, ಲೀಟರ್‌ನಲ್ಲಿ. ಎಲ್ಲಾ ಒಂದು ಹೆಕ್ಟೇರಿಗೆ. ನಮ್ಮ ಜನ ಎಕರೆ ಲೆಕ್ಕದವರು, ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಹಾಗಾಗಿ ಎರಡೂವರೆಯಿಂದ ಭಾಗಿಸಿ: ಎಕರೆಗೆ 50ರಿಂದ 100 ಮಿಲಿ ಔಷಧಿ, 200ರಿಂದ 280 ಲೀಟರ್ ನೀರು.

"ನೀವು ಎಷ್ಟು ಹಾಕಿದ್ರಿ ಕಾಕಾ?"

"ಅಂಗಡಿಯಾವ ಹೇಳಿದಂಗ ಟಾಕಿಗೆ ಎರಡು ಮುಚ್ಚಳ. ಹದಿಮೂರು ಟಾಕಿ ಹೊಡದೀನಿ."

ಅವರ ಪಂಪು 16 ಲೀಟರಿನದು. ಹದಿಮೂರು ಸಲ ಅಂದರೆ 208 ಲೀಟರ್, ನೀರು ಸರಿಯಾಗೇ ಇದೆ. ಆದರೆ ಮುಚ್ಚಳ ಎಷ್ಟು ಹಿಡಿಯುತ್ತೆ? ಕೈಗೆ ಗ್ಲೌಸ್ ಹಾಕಿಸಿ, ಮುಚ್ಚಳಕ್ಕೆ ನೀರು ತುಂಬಿ ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆಯೋಕೆ ಹೇಳಿದೆ. 10 ಮಿಲಿ ಬಂತು. ಆ ಸಿರಿಂಜು ಆಮೇಲೆ ಬೇರೆ ಯಾವುದಕ್ಕೂ ಬಳಸಬಾರದು ಅಂತಲೂ ಹೇಳಿದೆ. ಅಂದರೆ ಟಾಕಿಗೆ 20 ಮಿಲಿ, ಹದಿಮೂರು ಟಾಕಿಗೆ 260. ಚೀಟಿಯ ಪ್ರಕಾರ ಎಕರೆಗೆ ಅತಿ ಹೆಚ್ಚು ಅಂದರೂ 100. ಅಷ್ಟು ನೀರಿಗೆ ಟಾಕಿಗೆ 4ರಿಂದ 8 ಮಿಲಿ ಸಾಕಿತ್ತು, ಒಂದು ಮುಚ್ಚಳವೂ ಬೇಕಿರಲಿಲ್ಲ.

ಲೆಕ್ಕ ಮಾಡದೇನೂ ಇದು ಗೊತ್ತಾಗಬಹುದಿತ್ತು. 250 ಮಿಲಿ ಬಾಟಲಿ ಖಾಲಿಯಾಗಿ ಕಾಕಾ ಎರಡನೇ ಬಾಟಲಿ ತೆಗೆದಿದ್ದರು. ಆ ಒಂದು ಬಾಟಲಿ ಎರಡೂವರೆ ಎಕರೆಗೆ ಆಗಬೇಕಾದದ್ದು.

ಇಲ್ಲೇ ಇನ್ನೊಂದು ಗಂಟಿದೆ. 40 ದಿನ ಅನ್ನೋದು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಹೊಡೆದರೆ ಮಾತ್ರ. ಎರಡೂವರೆ ಪಟ್ಟು ಹೊಡೆದರೆ ಎಷ್ಟು ದಿನ ಅನ್ನೋದಕ್ಕೆ ಚೀಟಿಯಲ್ಲಿ ಉತ್ತರ ಇಲ್ಲ. ಎರಡೂವರೆ ಪಟ್ಟು ದಿನ ಅಂತ ಗುಣಿಸೋಕೂ ಬರಲ್ಲ. ಪ್ರಮಾಣ ತಪ್ಪಿದರೆ ಕಾಯುವ ದಿನದ ಭರವಸೆಯೂ ಹೋಯಿತು.

ಕಾಕಾ ಒಂದು ಮಾತು ಹೇಳಿದರು: "ಕೆಂಪು ಇಲ್ಲಲ್ಲೋ, ಹಳದಿ ಐತಿ. ಅಷ್ಟೇನೂ ಜೋರ್ ಇರಾಂಗಿಲ್ಲ." ಈ ಬಣ್ಣ ಹೇಳೋದು ಬೇರೆ ವಿಷಯ. ಬಾಟಲಿಯಲ್ಲಿರೋದು ಮೈಗೆ ಸೇರಿದರೆ ಎಷ್ಟು ವಿಷ ಅನ್ನೋದರ ದರ್ಜೆ ಅದು. ಕೆಂಪಿಗೆ ತಲೆಬುರುಡೆ ಮತ್ತು ಪಾಯ್ಸನ್, ಅತ್ಯಂತ ವಿಷ. ಹಳದಿಗೂ ಪಾಯ್ಸನ್ ಅಂತಲೇ ಇರುತ್ತೆ, ಅದು ಎರಡನೇ ದರ್ಜೆ. ನೀಲಿಗೆ ಡೇಂಜರ್, ಹಸಿರಿಗೆ ಕಾಶನ್. ಹಸಿರು ಅಂದರೆ ಸಾವಯವ ಅಂತಲ್ಲ, ನಾಲ್ಕರಲ್ಲಿ ಕಡಿಮೆ ವಿಷ ಅಂತ ಅಷ್ಟೆ. ಗ್ಲೌಸು, ಮುಖಕ್ಕೆ ಬಟ್ಟೆ, ಮಕ್ಕಳ ಕೈಗೆ ಸಿಗದ ಜಾಗ, ಇವಕ್ಕೆಲ್ಲ ಬಣ್ಣ ನೋಡಬೇಕು. ಎಷ್ಟು ದಿನಕ್ಕೆ ಹರಿಯಬೇಕು ಅನ್ನೋದಕ್ಕೆ ಬಣ್ಣ ಉತ್ತರ ಕೊಡಲ್ಲ, ಪಟ್ಟಿ ಮಾತ್ರ ಕೊಡುತ್ತೆ.

ನಾನು ರಾತ್ರಿ ಫೋನ್ ಮಾಡೋ ಹೊತ್ತಿಗೆ ಕಾಕಾ ಒಂದು ಚೀಲ ಹಸಿ ಕಾಯಿ ಹರಿದು ಪಡಸಾಲೆಯಲ್ಲಿ ಇಟ್ಟಿದ್ದರು, ಬೆಳಿಗ್ಗೆ ಸಂತೆಗೆ ಒಯ್ಯೋಕೆ. ಮೂರು ದಿನ ಅಂದವನು ನಾನೇ, ಈಗ ಬೇಡ ಅನ್ನೋನೂ ನಾನೇ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ "ಆತಪಾ" ಅಂತ ಫೋನ್ ಇಟ್ಟರು. ಚೀಲವನ್ನ ತಗ್ಗು ತೋಡಿ ಮುಚ್ಚಿದರು ಅಂತ ಕಾಕು ಆಮೇಲೆ ಹೇಳಿದರು. ಆ ಚೀಲದ ದುಡ್ಡು ಕಳಿಸ್ತೀನಿ ಅಂದರೆ ಕಾಕಾ ತಗೊಳ್ಳಲಿಲ್ಲ. ಎರಡು ವಾರ ನನ್ನ ಜತೆ ಮಾತೂ ಆಡಲಿಲ್ಲ.

ಉಳಿದ ಕಾಯನ್ನ ಹಸಿಯಾಗಿ ಹರಿಯದೆ ಗಿಡದಲ್ಲೇ ಹಣ್ಣಾಗೋಕೆ ಬಿಟ್ಟರು. ಎರಡು ತಿಂಗಳು ದಾಟಿದ ಮೇಲೆ ಕೊಯ್ದು ಒಣಗಿಸಿದರು. ಒಣಗಿಸಿದರೆ ವಿಷ ಹೋಗುತ್ತೆ ಅಂತ ತಿಳೀಬೇಡಿ. ಹೋಗೋದು ನೀರು. ಅವರಿಗೆ ನೆರವಾಗಿದ್ದು ಗಿಡದ ಮೇಲೆ ಕಳೆದ ದಿನಗಳು.

ಈಗ ಊರಿಂದ ಫೋಟೋ ಬಂದರೆ ನಾನು ಮೊದಲು ಓದೋದಿಲ್ಲ, ಕೇಳ್ತೀನಿ: ಯಾವ ಬೆಳೆ, ಹೊಡೆದಾಗಿದೆಯೋ ಇಲ್ಲವೋ, ಮುಂದಿನ ಕೊಯ್ಲು ಯಾವತ್ತು. ಆಮೇಲೆ ಬಾಟಲಿಯ ಮುಂಭಾಗ ನೋಡ್ತೀನಿ, ಹೆಸರಿನ ಮುಂದಿನ ಶೇಕಡಾ ಸಮೇತ. ಯಾಕಂದರೆ ಇದೇ ಇಮಿಡಾಕ್ಲೋಪ್ರಿಡ್ 30.5%, 70% ಅಂತಲೂ ಬರುತ್ತೆ, ಅದರ ಅಳತೆಯೇ ಬೇರೆ. ಕೊನೆಗೆ ಬಿಚ್ಚಿದ ಚೀಟಿ. ಬೆಳೆಯ ಹೆಸರಿನ ಮೇಲೆ ಬೆರಳಿಟ್ಟು ಬಲತುದಿಯವರೆಗೆ ಅದೇ ಸಾಲಿನಲ್ಲಿ ಹೋಗ್ತೀನಿ. ಅಂಕಿ ಮಸುಕಾಗಿ 3ಓ 8ಓ ಅನ್ನಿಸಿದರೆ ಊಹಿಸಲ್ಲ, ಇನ್ನೊಂದು ಫೋಟೋ ಕೇಳ್ತೀನಿ. ಬೆಳೆಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಇದು ಈ ಬೆಳೆಗಲ್ಲ ಅಂತ ಹೇಳ್ತೀನಿ.

ಈ ವರ್ಷ ಕಾಕಾ ಮತ್ತೆ ಫೋಟೋ ಕಳಿಸಿದರು. ಬಾಟಲಿ ಇನ್ನೂ ಅಂಗಡಿಯ ಮೇಜಿನ ಮೇಲೇ ಇತ್ತು. "ದುಡ್ಡು ಕೊಟ್ಟಿಲ್ಲ ಇನ್ನಾ. ಮೆಣಸಿನಕಾಯಿ ಸಾಲು ಓದಿ ಹೇಳು."