ಹೊಸ ಪೇಂಟ್ ಹಿಂದೆ ಏನಿದೆ? ಹಳೇ ಫ್ಲ್ಯಾಟ್ ಕೊಳ್ಳುವ ಮೊದಲು ಇಷ್ಟು ನೋಡಿ

ಬೆಂಗಳೂರಲ್ಲಿ ರೀಸೇಲ್ ಫ್ಲ್ಯಾಟ್ ಹುಡುಕ್ತಾ ಇರೋರಿಗಾಗಿ ಇವತ್ತಿನ ಮಾತು. ಕಾಗದಪತ್ರಗಳನ್ನ ವಕೀಲರು ನೋಡ್ತಾರೆ. ಗೋಡೆ, ಪೈಪು, ವೈರು ಇವನ್ನ ನೋಡೋರು ಯಾರು? ಅಡ್ವಾನ್ಸ್ ಕೊಡೋ ಮುಂಚೆ ನೀವೇ ನೋಡಬೇಕು.

ಒಂದು ಉದಾಹರಣೆ ತಗೊಳ್ಳೋಣ. 12 ವರ್ಷ ಹಳೇ ಕಟ್ಟಡ, ಮೂರನೇ ಮಹಡಿಯ 2 ಬಿಎಚ್‌ಕೆ. ಮನೆ ಚೆನ್ನಾಗೇ ಇದೆ. ಆದರೆ ಬೆಡ್‌ರೂಮಿನ ಒಂದೇ ಒಂದು ಗೋಡೆಗೆ ಹೊಸ ಪೇಂಟ್ ಆಗಿದೆ. ಆ ಗೋಡೆ ಆಚೆ ಏನಿದೆ ಅಂತ ನೋಡಿದರೆ ಬಾತ್‌ರೂಮ್. ಇಲ್ಲಿ ನಿಲ್ಲಿ.

ಮೊದಲು ಕೈಯಿಂದ ಮುಟ್ಟಿ. ಪಕ್ಕದ ಗೋಡೆಗಿಂತ ತಣ್ಣಗಿದೆಯಾ? ಬೆರಳಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತಾ? ಸ್ಕರ್ಟಿಂಗ್ ಟೈಲ್ಸ್ ಮೇಲೆ ಬಿಳಿ ಉಪ್ಪಿನಂಥ ಪುಡಿ ಇದ್ದರೆ, ಗೋಡೆಯೊಳಗೆ ನೀರು ಓಡಾಡಿದೆ ಅಂತಲೇ ಅರ್ಥ. ವಾರ್ಡ್‌ರೋಬ್ ಬಾಗಿಲು ತೆಗೆದು ಹಿಂಭಾಗವನ್ನೂ ನೋಡಿ, ಅಲ್ಲಿಗೆ ಪೇಂಟರ್ ಕೈ ಹೋಗಿರಲ್ಲ.

ತೇವ ಎಲ್ಲಿದೆ ಅನ್ನೋದೇ ಕಾರಣದ ಸುಳಿವು. ನೆಲದಿಂದ ಒಂದು ಅಡಿ ಒಳಗಿದ್ದರೆ ಬಾತ್‌ರೂಮ್ ನೆಲದ ವಾಟರ್‌ಪ್ರೂಫಿಂಗ್ ಹೋಗಿರೋ ಸಾಧ್ಯತೆ ಹೆಚ್ಚು. ನಲ್ಲಿಯ ಎತ್ತರದಲ್ಲಿದ್ದರೆ ಗೋಡೆಯೊಳಗಿನ ಪೈಪನ್ನ ಅನುಮಾನಿಸಿ. ಹೊರಗೋಡೆಯಲ್ಲಿದ್ದರೆ ಮಳೆ ನೀರು. ಸೀಲಿಂಗ್‌ನಲ್ಲಿದ್ದರೆ ಮೇಲಿನ ಮನೆಯ ಬಾತ್‌ರೂಮ್. ಈ ಕೊನೇದು ದೊಡ್ಡ ತಲೆನೋವು, ಯಾಕಂದ್ರೆ ರಿಪೇರಿ ಮಾಡಬೇಕಾದ ಜಾಗ ಬೇರೆಯವರ ಮನೆಯಲ್ಲಿದೆ. ಅವರು ಒಪ್ಪದೆ ನಿಮ್ಮ ಸೀಲಿಂಗ್ ಒಣಗಲ್ಲ.

ಇನ್ನೊಂದು ವಿಷಯ. ಫ್ಲ್ಯಾಟ್ ಕೆಲವು ತಿಂಗಳಿಂದ ಖಾಲಿ ಇದ್ದರೆ ಗೋಡೆ ಒಣಗಿರುತ್ತೆ, ಏನೂ ಕಾಣಲ್ಲ. ಅದಕ್ಕೆ ಮಾಲೀಕರನ್ನ ಕೇಳಿ ಒಂದು ಪರೀಕ್ಷೆ ಮಾಡಿ. ಬಾತ್‌ರೂಮಿನಲ್ಲಿ ನೀರು ಹೋಗೋ ಜಾಲರಿಗೆ ಬಟ್ಟೆ ತುರುಕಿ, ಹೊಸ್ತಿಲು ದಾಟದ ಹಾಗೆ ಒಂದು ಇಂಚಿನಷ್ಟು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಮಾರನೇ ದಿನ ಬೆಡ್‌ರೂಮ್ ಗೋಡೆ ನೋಡಿ, ಕೆಳಗಿನ ಮನೆಯವರ ಸೀಲಿಂಗ್‌ನೂ ನೋಡಿ. ನಮ್ಮ ಉದಾಹರಣೆಯಲ್ಲಿ ಸ್ಕರ್ಟಿಂಗ್ ಮೇಲೆ ತೇವ ಕಾಣಿಸಿಕೊಂಡರೆ, ಟೈಲ್ಸ್ ಒಡೆದು ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸೋ ಖರ್ಚು ಇದೆ ಅಂತಾಯ್ತು. ಕಂಟ್ರಾಕ್ಟರ್ ಹತ್ರ ಎಸ್ಟಿಮೇಟ್ ತಗೊಂಡು ಆ ಮೊತ್ತವನ್ನ ಬೆಲೆಯಲ್ಲಿ ಇಳಿಸಿ ಅಂತ ಕೇಳಿ. ಮಾಲೀಕರೇ ಮಾಡಿಸ್ತೀನಿ ಅಂದ್ರೆ ಸೇಲ್ ಅಗ್ರಿಮೆಂಟ್‌ನಲ್ಲಿ ಬರೆಸಿ.

ನೀರಿನ ಲೈನ್‌ಗೆ ಬಂದ್ರೆ, ಶವರ್, ಕಿಚನ್ ನಲ್ಲಿ ಎರಡೂ ಬಿಟ್ಟು, ಆಮೇಲೆ ಫ್ಲಶ್ ಮಾಡಿ. ಶವರ್ ಧಾರೆ ತೀರಾ ಸಣ್ಣದಾದರೆ ಪೈಪ್ ಕಟ್ಟಿಕೊಂಡಿರಬಹುದು, ಪ್ರೆಶರ್ ಕಮ್ಮಿ ಇರಬಹುದು. ಬೆಳಗ್ಗೆ ಮೊದಲು ಬರೋ ನೀರು ಕೆಂಪಗಿದ್ದರೆ ತುಕ್ಕು ಹಿಡಿದ ಕಬ್ಬಿಣದ ಪೈಪ್ ಇರಬಹುದು. ಸಿಂಕ್ ಕೆಳಗೆ ಕೈ ಹಾಕಿ ನೋಡೋದು ಮರೀಬೇಡಿ.

ವೈರಿಂಗ್‌ಗೆ ಬಾಗಿಲ ಹತ್ರದ ಡಿಬಿ ಬಾಕ್ಸ್ ತೆಗೆದು ನೋಡಿ. ಅದರಲ್ಲಿ ಆರ್‌ಸಿಸಿಬಿ ಅನ್ನೋ ಸ್ವಿಚ್ ಇರಬೇಕು, ಶಾಕ್ ಹೊಡೆದಾಗ ಕರೆಂಟ್ ಕಟ್ ಮಾಡೋದು ಅದೇ. ಅದರ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಬೀಳಬೇಕು. ಆದರೆ ಆ ಬಟನ್ ಅರ್ಥಿಂಗ್ ಸರಿ ಇದೆಯಾ ಅಂತ ಹೇಳಲ್ಲ, ಅದಕ್ಕೆ ಎಲೆಕ್ಟ್ರಿಷಿಯನ್ ಬರಲೇಬೇಕು. ಗೀಸರ್ ಸಾಕೆಟ್ ಸುಟ್ಟು ಕಪ್ಪಾಗಿದೆಯಾ ಅದನ್ನೂ ನೋಡಿ.

ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ ಪೇಂಟ್ ಉಬ್ಬಿದ್ದರೆ ಮಳೆ ನೀರು ಒಳಗೆ ಬರ್ತಿದೆ. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್‌ನಲ್ಲಿ ನೀರು ಹೊರಗೆ ಹೋಗೋ ಸಣ್ಣ ತೂತುಗಳಿರುತ್ತವೆ. ಒಂದು ಲೋಟ ನೀರು ಸುರಿದರೆ ಗೊತ್ತಾಗುತ್ತೆ.

ಕೊನೇದಾಗಿ ಬಿರುಕು. ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಬೀಮ್ ಮತ್ತು ಗೋಡೆ ಸೇರೋ ಕಡೆ ನೇರ ಗೆರೆ ಬಿದ್ದಿದ್ದರೆ ಅದೂ ಸಾಮಾನ್ಯ. ಆದರೆ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಓರೆಯಾಗಿ ಹೋದ, ಎಟಿಎಂ ಕಾರ್ಡಿನ ಅಂಚು ಒಳಗೆ ಹೋಗುವಷ್ಟು ಅಗಲದ ಬಿರುಕು ಬೇರೆ ಮಾತು. ಪಿಲ್ಲರ್ ಅಥವಾ ಬೀಮ್ ಉದ್ದಕ್ಕೂ ಬಿರುಕು, ಜೊತೆಗೆ ತುಕ್ಕಿನ ಕಲೆ ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ಇವನ್ನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹುಡುಕಿ, ಅಲ್ಲಿನ ಪಿಲ್ಲರ್‌ಗಳನ್ನ ಯಾರೂ ಮಾರಾಟಕ್ಕೆ ಅಂತ ಸಿಂಗರಿಸಿರಲ್ಲ. ಇಂಥದ್ದು ಸಿಕ್ಕರೆ ಬೆಲೆ ಚೌಕಾಸಿ ಬೇಡ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದು ಕೊಡೋವರೆಗೂ ದುಡ್ಡು ಕೊಡಬೇಡಿ.

ಫ್ಲ್ಯಾಟ್ ನೋಡೋಕೆ ಹಗಲು ಹೊತ್ತಲ್ಲಿ ಹೋಗಿ, ಸಾಧ್ಯವಾದರೆ ಮಳೆ ಬಂದ ಮಾರನೇ ದಿನ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.