ಒಂದು ಪ್ಯಾಕೆಟ್ ಸಂಡಿಗೆಗೆ ಏಳು ಸಾಲು
(ದೊಡ್ಡಗದ್ದವಳ್ಳಿಯಲ್ಲಿ ಸ್ವಸಹಾಯ ಸಂಘದ ಸದಸ್ಯೆಯರಿಗೆ ನೀಡಿದ ಮಾತು)



ವಾಟ್ಸಾಪ್ ಬಿಸ್ನೆಸ್‌ನ Catalog ಒಳಗೆ ನಮ್ಮ ಆಲೂಗಡ್ಡೆ ಸಂಡಿಗೆಯನ್ನು ಮೊದಲ ಸಲ ಹಾಕಿದಾಗ ಹೆಸರಿನ ಜಾಗದಲ್ಲಿ 'ಸಂಡಿಗೆ' ಅಂತ ಬರೆದಿದ್ದೆವು, ಬೆಲೆ 90. ಕೆಳಗೆ 'ರುಚಿ, ಶುಚಿ, ಮನೆಯಲ್ಲೇ ಮಾಡಿದ್ದು' ಅಂತ ಉದ್ದಕ್ಕೆ ಹೊಗಳಿಕೊಂಡಿದ್ದೆವು. ಹಾಸನದ ಒಬ್ಬ ಅಮ್ಮ '2 ಕಳಿಸಿ' ಅಂದರು. ನಾವು ಕಳಿಸಿದ್ದು ಕಾಲು ಕಿಲೋದ ಎರಡು ಪ್ಯಾಕೆಟ್, ಅವರು ಕಾದಿದ್ದು ಎರಡು ಕಿಲೋ. ಜೊತೆಗೆ ತಲುಪಿಸಿದ್ದಕ್ಕೆ 30 ರೂಪಾಯಿ ಕೇಳಿದೆವು. 'ಇದನ್ನು ಮೊದಲೇ ಹೇಳಬಾರದಿತ್ತೇ?' ಅಂದರು. ತಪ್ಪು ನಮ್ಮದೇ.

Add new item ಒತ್ತಿದರೆ ಬರುವ ಬೆಲೆಯ ಖಾನೆಯಲ್ಲಿ ಹಿಡಿಸುವುದು ಒಂದೇ ಅಂಕೆ. 'ಕಾಲು ಕಿಲೋಗೆ 90, ಅರ್ಧಕ್ಕೆ 170' ಅಂತ ಅಲ್ಲಿ ಹಿಡಿಸುವುದಿಲ್ಲ. ಗಿರಾಕಿ ಕಾರ್ಟ್‌ಗೆ ಎರಡು ಹಾಕಿದರೆ ಆ ಅಂಕೆಯನ್ನೇ ಎರಡರಿಂದ ಗುಣಿಸಿ ಮೊತ್ತ ತೋರಿಸುತ್ತದೆ, ತಲುಪಿಸುವ ಖರ್ಚನ್ನು ತಾನಾಗಿ ಸೇರಿಸುವುದಿಲ್ಲ. ಹಾಗಾಗಿ ಖಾನೆಯಲ್ಲಿ ಒಂದು ಪ್ಯಾಕೆಟ್‌ನ ಬೆಲೆ ಮಾತ್ರ ಇರಬೇಕು, ತೂಕ ಹೆಸರಿನಲ್ಲೇ ಬರಬೇಕು. ಅರ್ಧ ಕಿಲೋ ಪ್ಯಾಕೆಟ್ ಇದ್ದರೆ ಅದನ್ನು ಬೇರೆ ವಸ್ತುವಾಗಿ ಹಾಕಿ. ಉಳಿದ ಷರತ್ತುಗಳೆಲ್ಲ ವಿವರಣೆಯ ಖಾನೆಗೆ, ಒಂದು ಸಾಲಿಗೆ ಒಂದೇ ಮಾತು.

ನಾವು ತಿದ್ದಿ ಬರೆದದ್ದು ಹೀಗಿದೆ. ಹೆಸರು: ಆಲೂಗಡ್ಡೆ ಸಂಡಿಗೆ, 250 ಗ್ರಾಂ. ಬೆಲೆ: 90. ವಿವರಣೆ:

₹90 = 250 ಗ್ರಾಂನ 1 ಪ್ಯಾಕೆಟ್.
ದೊಡ್ಡಗದ್ದವಳ್ಳಿಗೆ ಬಂದು ಒಯ್ದರೆ ಬೇರೆ ಖರ್ಚಿಲ್ಲ.
ಹಾಸನಕ್ಕೆ ತಲುಪಿಸಲು ಒಂದು ಆರ್ಡರ್‌ಗೆ ₹30.
ಹಣ ಬಂದ 2 ದಿನದಲ್ಲಿ ಕಳಿಸುತ್ತೇವೆ.
ಕರಿದಿಲ್ಲ, ಒಣ ಸಂಡಿಗೆ.
ಆಲೂಗಡ್ಡೆ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು.
ಈ ದರ ಮೇ 31ರವರೆಗೆ.

ಹಣದ ಮಾತು ಮೇಲಿದೆ, ನೋಡಿ. ಉದ್ದ ವಿವರಣೆಯನ್ನು ಪೂರ್ತಿ ಬಿಚ್ಚಿ ಓದುವವರು ಕಡಿಮೆ. ಮೊದಲ ಸಾಲುಗಳಲ್ಲಿ ಹೊಗಳಿಕೆ ತುಂಬಿದರೆ ಬೆಲೆಯ ಮಾತು ಅಡಿಗೆ ಹೋಗಿ ಕಾಣದೇ ಉಳಿಯುತ್ತದೆ. 'ಒಂದು ಆರ್ಡರ್‌ಗೆ' ಅನ್ನುವ ಪದ ಬಿಟ್ಟರೆ ಪ್ಯಾಕೆಟ್‌ಗೊಂದು ಮೂವತ್ತೋ ಅನ್ನುವ ಗುಮಾನಿ ಹುಟ್ಟುತ್ತದೆ. ರುಚಿಯ ವಿಷಯ ಫೋಟೋ ಹೇಳಲಿ. ಅದರಲ್ಲೂ ಕರಿದ ತಟ್ಟೆಯ ಫೋಟೋ ಒಂದನ್ನೇ ಹಾಕಬೇಡಿ, ಒಣ ಸಂಡಿಗೆಯ ಪ್ಯಾಕೆಟ್ಟೂ ಕಾಣಲಿ. ಇಲ್ಲದಿದ್ದರೆ ಕರಿದದ್ದೇ ಬರುತ್ತೆ ಅಂತ ಕಾಯ್ತಾರೆ.

ಕೊನೆಯ ಸಾಲಿನ ತಾರೀಖು ಏಕೆ? ಆಲೂಗಡ್ಡೆ ದರ ಏರಿದಾಗ ಕ್ಯಾಟಲಾಗ್‌ನಲ್ಲಿ ಬೆಲೆ ತಿದ್ದಬಹುದು. ಆದರೆ ಯಾರೋ ಫೋಟೋ ತೆಗೆದಿಟ್ಟುಕೊಂಡ ಹಳೇ ಬೆಲೆಯನ್ನು ತಿದ್ದಲಾಗುವುದಿಲ್ಲ. ಅವರು ಅದನ್ನೇ ತೋರಿಸಿ ಕೇಳಿದರೆ ತಾರೀಖು ಉತ್ತರ ಹೇಳುತ್ತದೆ.

ಬರೆದಾದ ಮೇಲೆ ಸಂಡಿಗೆ ಮಾಡದ ಒಬ್ಬ ಅಕ್ಕನ ಕೈಗೆ ಫೋನ್ ಕೊಡಿ. 'ಎರಡು ಪ್ಯಾಕೆಟ್ ಹಾಸನದ ಮನೆಗೆ ಬೇಕು, ಎಷ್ಟು ಕೊಡ್ತೀಯ?' ಅಂತ ಕೇಳಿ. 210 ಅಂದರೆ ಸರಿ. 180 ಅಂದರೆ ಅಥವಾ 'ಎಷ್ಟಪ್ಪಾ ಇದು?' ಅಂತ ನಿಮ್ಮನ್ನೇ ಕೇಳಿದರೆ, ಯಾವ ಸಾಲಿನಲ್ಲಿ ಎಡವಿದರು ಅಂತ ನೋಡಿ ಅದನ್ನು ತಿದ್ದಿ. ಮಳೆ ಹಿಡಿದು ಬಿಸಿಲು ಸಿಗದೆ ಸಂಡಿಗೆ ಮುಗಿದುಹೋದರೆ ವಸ್ತುವನ್ನು ಅಳಿಸಬೇಡಿ, ಮರೆಮಾಡಿ. ಮುಂದಿನ ಬೇಸಿಗೆಗೆ ಬೆಲೆ, ತಾರೀಖು ಎರಡನ್ನು ಬದಲಾಯಿಸಿ ಮತ್ತೆ ತೋರಿಸಿದರಾಯಿತು.