ಅವನು ಹೇಳಿದ ‘ನಾನು’ ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹತ್ತನೇ ತರಗತಿಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಆದರೆ ನೌಕರಿಯಲ್ಲಿ ನಾನು ಮಾಡಿದ ಮೊದಲ ದೊಡ್ಡ ತಪ್ಪು ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ, ಇಂಗ್ಲಿಷ್ ವ್ಯಾಕರಣಕ್ಕೆ ಸಂಬಂಧಿಸಿದ್ದು. ಅದೂ ಇದೇ ಶಾಲೆಯಲ್ಲಿ ಕಲಿತು, ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದ ಪಾಠ. ನಾವು ಅದನ್ನು ‘ಡೈರೆಕ್ಟ್-ಇನ್‌ಡೈರೆಕ್ಟ್’ ಎನ್ನುತ್ತಿದ್ದೆವು, ನೀವು ‘ರಿಪೋರ್ಟೆಡ್ ಸ್ಪೀಚ್’ ಎನ್ನುತ್ತೀರಿ. ಅದರ ಕಥೆಯನ್ನೇ ಹೇಳಿಬಿಡುತ್ತೇನೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಒಬ್ಬ ಸಗಟು ವ್ಯಾಪಾರಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮ ತಂಡದ ಕೈಯಲ್ಲಿತ್ತು. ಅವರ ಹಳೆಯ ಬಿಲ್ಲುಗಳಲ್ಲಿದ್ದ ಒಂದು ತಪ್ಪನ್ನು ಸರಿಪಡಿಸಲು ನಾವೊಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ ಬರೆದಿದ್ದೆವು. ಅದನ್ನು ಓಡಿಸುವ ಮೊದಲು ಅಲ್ಲಿರುವ ಮಾಹಿತಿಯದ್ದೆಲ್ಲ ಒಂದು ಪ್ರತಿ ತೆಗೆದಿಡಬೇಕು. ಅದೇ ಬ್ಯಾಕಪ್. ಗುರುವಾರ ಸಂಜೆ ವ್ಯಾಪಾರಿಯ ಕಡೆಯ ಕಂಪ್ಯೂಟರ್ ನೋಡಿಕೊಳ್ಳುವವರು ಫೋನಿನಲ್ಲಿ ನನಗೆ ಹೇಳಿದರು: “ಐ ವಿಲ್ ಟೇಕ್ ದ ಬ್ಯಾಕಪ್ ಟುಮಾರೋ. ಯು ಕ್ಯಾನ್ ರನ್ ಯುವರ್ ಸ್ಕ್ರಿಪ್ಟ್ ಆಫ್ಟರ್ ದಟ್.”

ಆ ರಾತ್ರಿ ಹನ್ನೊಂದಕ್ಕೆ ನಮ್ಮ ಟೀಮ್ ಲೀಡ್‌ಗೆ ಮೇಲ್ ಬರೆದೆ: “ಹಿ ಟೋಲ್ಡ್ ದಟ್ ಐ ವಿಲ್ ಟೇಕ್ ದ ಬ್ಯಾಕಪ್ ಟುಮಾರೋ ಅಂಡ್ ಯು ಕ್ಯಾನ್ ರನ್ ಯುವರ್ ಸ್ಕ್ರಿಪ್ಟ್ ಆಫ್ಟರ್ ದಟ್.”

ನೀವು ತಲೆಯಾಡಿಸುತ್ತಿದ್ದೀರಿ. ಅಂದರೆ ನಿಮಗೆ ಇದು ಸರಿಯಾಗಿಯೇ ಅರ್ಥವಾಯಿತು. ನನಗೂ ಆಗಿತ್ತು. ಆದರೆ ನಮ್ಮ ಲೀಡ್ ಕನ್ನಡದವರಲ್ಲ. ಅವರು ಶುಕ್ರವಾರ ಬೆಳಿಗ್ಗೆ ಈ ಮೇಲ್ ಓದಿ ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನೇ ತಿಳಿದುಕೊಂಡರು. ‘ಐ’ ಎಂದರೆ ಮೇಲ್ ಬರೆದ ನಾನು. ‘ಯು’ ಎಂದರೆ ಓದುತ್ತಿರುವ ಅವರು. ‘ಟುಮಾರೋ’ ಎಂದರೆ ಶನಿವಾರ. ಶನಿವಾರ ಈ ಹುಡುಗ ಬ್ಯಾಕಪ್ ತೆಗೆಯುತ್ತಾನೆ, ಆಮೇಲೆ ನಾನು ಸ್ಕ್ರಿಪ್ಟ್ ಓಡಿಸಬೇಕು ಎಂದು ಅವರ ಲೆಕ್ಕ.

ವ್ಯಾಪಾರಿಯ ಕಡೆಯವರು ಹೇಳಿದಂತೆ ಶುಕ್ರವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬ್ಯಾಕಪ್ ತೆಗೆದರು. ಶನಿವಾರ ಇಡೀ ದಿನ ಅಂಗಡಿಯಲ್ಲಿ ವ್ಯಾಪಾರ ನಡೆಯಿತು. ಶನಿವಾರ ರಾತ್ರಿ ಲೀಡ್ ನನಗೆ ಎರಡೇ ಪದದ ಸಂದೇಶ ಕಳಿಸಿದರು: “ಬ್ಯಾಕಪ್ ಡನ್?” ಅವರು ತೆಗೆದಾಗಿದೆಯಲ್ಲ ಎಂದುಕೊಂಡು ನಾನು “ಎಸ್” ಎಂದೆ. ಸ್ಕ್ರಿಪ್ಟ್ ಓಡಿತು. ಅದರಲ್ಲೊಂದು ದೋಷವಿತ್ತು, ಕೆಲವು ಬಿಲ್ಲುಗಳ ಮೊತ್ತವೇ ಅಳಿಸಿಹೋಯಿತು. ಬ್ಯಾಕಪ್ ಇರುವುದೇ ಇಂಥದ್ದಕ್ಕೆ, ಹಳೆಯ ಪ್ರತಿಯನ್ನು ವಾಪಸು ಹಾಕಿದೆವು. ಆದರೆ ಆ ಪ್ರತಿ ಶುಕ್ರವಾರ ರಾತ್ರಿಯದ್ದು. ಶನಿವಾರದ ನಾನೂರಕ್ಕೂ ಹೆಚ್ಚು ಬಿಲ್ಲುಗಳು ಅದರಲ್ಲಿ ಇರಲಿಲ್ಲ. ಭಾನುವಾರ ನಾನೂ ಇನ್ನೊಬ್ಬರೂ ಅವರ ಗೋದಾಮಿನ ಮೂಲೆಯಲ್ಲಿ ಕೂತು, ಬಿಲ್ ಪುಸ್ತಕದ ಕಾರ್ಬನ್ ಪ್ರತಿ ನೋಡಿಕೊಂಡು ಒಂದೊಂದಾಗಿ ಮತ್ತೆ ಟೈಪ್ ಮಾಡಿದೆವು. ಸಂಜೆ ಲೀಡ್ ಬಂದು ನನ್ನದೇ ಮೇಲನ್ನು ನನಗೆ ಓದಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪೂರ್ತಿ ಅಂಕ ತೆಗೆದವನು ಹಾಗೇಕೆ ಬರೆದೆ? ಯೋಚಿಸಿದಾಗ ಸಿಕ್ಕ ಕಳ್ಳ ನಮ್ಮ ‘ಅಂತ’. ಕನ್ನಡದಲ್ಲಿ ನಾವು “ನಾನು ನಾಳೆ ಬರ್ತೀನಿ ಅಂತ ಅವನು ಹೇಳಿದ” ಎನ್ನುತ್ತೇವೆ. ಇಲ್ಲಿ ‘ನಾನು’ ಯಾರು? ಮಾತಾಡುತ್ತಿರುವವನಲ್ಲ, ‘ಅವನು’. ಅವನ ಬಾಯಿಂದ ಬಂದ ಮಾತನ್ನು ಮುಟ್ಟದೆ ಹಾಗೇ ಇಟ್ಟು, ಕೊನೆಗೆ ‘ಅಂತ’ ಎಂದು ಮುಚ್ಚುತ್ತೇವೆ. ಬರಹದಲ್ಲಿ ಉದ್ಧರಣ ಚಿಹ್ನೆ ಮಾಡುವ ಕೆಲಸವನ್ನು ಮಾತಿನಲ್ಲಿ ‘ಅಂತ’ ಮಾಡುತ್ತದೆ. ಇದು ಕನ್ನಡದ ತಪ್ಪಲ್ಲ, ಅದರ ಸಹಜ ರೀತಿ. ತಪ್ಪಾಗುವುದು ‘ಅಂತ’ ಇದ್ದಲ್ಲೆಲ್ಲ ‘ದಟ್’ ಹಾಕಿದಾಗ. ಇಂಗ್ಲಿಷಿನ ‘ದಟ್’ ಉದ್ಧರಣ ಚಿಹ್ನೆಯಲ್ಲ. ಅದು ಬಂದ ಕೂಡಲೇ ಮುಂದಿನ ಮಾತೆಲ್ಲ ಈಗ ಹೇಳುತ್ತಿರುವವನದು, ಅವನು ನಿಂತ ಜಾಗದಿಂದ, ಅವನು ಹೇಳುತ್ತಿರುವ ದಿನದಿಂದ ಎಣಿಸಬೇಕು. ನಾನು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಿಂತು ಬರೆದಿದ್ದೆ. “ವೇರ್ ಇಸ್ ದ ಫೈಲ್ ಅಂತ ಕೇಳಿದ” ಎನ್ನುವುದನ್ನು “ಹಿ ಆಸ್ಕ್ಡ್ ದಟ್ ವೇರ್ ಇಸ್ ದ ಫೈಲ್” ಎಂದು ಬರೆಯುವುದೂ ಇದೇ ಕಳ್ಳನ ಕೆಲಸ. ಅದು “ಹಿ ಆಸ್ಕ್ಡ್ ವೇರ್ ದ ಫೈಲ್ ವಾಸ್” ಆಗಬೇಕು.

ಆ ಮೇಲನ್ನು ಈಗ ಸರಿ ಮಾಡೋಣ. ‘ಹಿ ಟೋಲ್ಡ್’ ಎಂದ ಮೇಲೆ ಯಾರಿಗೆ ಎಂದು ಹೇಳಲೇಬೇಕು: ‘ಹಿ ಟೋಲ್ಡ್ ಮಿ’. ಅಥವಾ ಬರೀ ‘ಹಿ ಸೆಡ್’. ಬ್ಯಾಕಪ್ ತೆಗೆಯುವವರು ಅವರು, ಹಾಗಾಗಿ ‘ಐ’ ಹೋಗಿ ‘ಹಿ’. ‘ವಿಲ್’ ಹೋಗಿ ‘ವುಡ್’, ‘ಕ್ಯಾನ್’ ಹೋಗಿ ‘ಕುಡ್’. ಅವರು ‘ಯು’ ಎಂದದ್ದು ನಮ್ಮ ತಂಡಕ್ಕೆ, ಅದನ್ನು ನಾನು ನಮ್ಮ ತಂಡದವರಿಗೇ ಬರೆಯುತ್ತಿದ್ದೇನೆ, ಆದ್ದರಿಂದ ‘ವಿ’. ‘ಯುವರ್’ ಎಂಬುದು ‘ಅವರ್’. ಉಳಿದದ್ದು ‘ಟುಮಾರೋ’. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದ ಪಟ್ಟಿಯ ಪ್ರಕಾರ ಅದು ‘ದ ನೆಕ್ಸ್ಟ್ ಡೇ’. ವ್ಯಾಕರಣಕ್ಕೆ ಅಷ್ಟು ಸಾಕು, ಕೆಲಸಕ್ಕೆ ಸಾಲದು. ಯಾವತ್ತಿನ ಮಾರನೆಯ ದಿನ ಎಂದು ಓದುವವರಿಗೆ ಗೊತ್ತಿರುವುದಿಲ್ಲ. ವಾರದ ಹೆಸರನ್ನೇ ಬರೆಯಬೇಕು. “ಹಿ ಸೆಡ್ ದಟ್ ಹಿ ವುಡ್ ಟೇಕ್ ದ ಬ್ಯಾಕಪ್ ಆನ್ ಫ್ರೈಡೇ ಅಂಡ್ ದಟ್ ವಿ ಕುಡ್ ರನ್ ಅವರ್ ಸ್ಕ್ರಿಪ್ಟ್ ಆಫ್ಟರ್ ದಟ್.” ಹೀಗಿದ್ದಿದ್ದರೆ ಶುಕ್ರವಾರ ರಾತ್ರಿಯೇ ಸ್ಕ್ರಿಪ್ಟ್ ಓಡುತ್ತಿತ್ತು. ದೋಷ ಆಗಲೂ ಇರುತ್ತಿತ್ತು, ಆದರೆ ಒಂದು ಬಿಲ್ಲೂ ಕಳೆಯುತ್ತಿರಲಿಲ್ಲ.

ಸರ್ವನಾಮ ಬದಲಿಸಲು ನಿಮಗೂ ‘ಎಸ್-ಒ-ಎನ್’ ಸೂತ್ರ ಹೇಳಿಕೊಟ್ಟಿರಬಹುದು. ಫಸ್ಟ್ ಪರ್ಸನ್ ಇದ್ದರೆ ಸಬ್ಜೆಕ್ಟಿನಂತೆ, ಸೆಕೆಂಡ್ ಪರ್ಸನ್ ಇದ್ದರೆ ಆಬ್ಜೆಕ್ಟಿನಂತೆ, ಥರ್ಡ್ ಪರ್ಸನ್ ಇದ್ದರೆ ನೋ ಚೇಂಜ್. ಪರೀಕ್ಷೆಯಲ್ಲಿ ಅದು ಕೈ ಕೊಡುವುದಿಲ್ಲ, ಉಪಯೋಗಿಸಿಕೊಳ್ಳಿ. ಆದರೆ ಪರೀಕ್ಷೆಯ ವಾಕ್ಯಕ್ಕೂ ನಿಜವಾದ ಮಾತಿಗೂ ಒಂದು ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ಹೇಳಿದವನು ಇರುತ್ತಾನೆ, ಕೇಳಿದವನು ಇರುತ್ತಾನೆ. ಈಗ ನೀವು ಯಾರಿಗೆ ಹೇಳುತ್ತಿದ್ದೀರಿ ಎಂಬ ಆಸಾಮಿ ಮಾತ್ರ ಇರುವುದಿಲ್ಲ. ನೋಡಿ, ಮೇಷ್ಟ್ರು ನಿಮಗೆ ಹೇಳುತ್ತಾರೆ: “ರವಿ ವಿಲ್ ಹೆಲ್ಪ್ ಯು.” ನೀವು ಅದನ್ನು ಮನೆಯಲ್ಲಿ ಅಮ್ಮನಿಗೆ ಹೇಳಿದರೆ “ಸರ್ ಸೆಡ್ ದಟ್ ರವಿ ವುಡ್ ಹೆಲ್ಪ್ ಮಿ”. ಸೂತ್ರ ಸರಿಹೋಯಿತು. ಅದನ್ನೇ ರವಿಗೇ ಹೋಗಿ ಹೇಳಿದರೆ? “ಸರ್ ಸೆಡ್ ದಟ್ ಯು ವುಡ್ ಹೆಲ್ಪ್ ಮಿ.” ನೋ ಚೇಂಜ್ ಎಂದಿದ್ದ ಥರ್ಡ್ ಪರ್ಸನ್ ಎದುರಿಗೇ ನಿಂತು ಸೆಕೆಂಡ್ ಪರ್ಸನ್ ಆಯಿತು. ಆದ್ದರಿಂದ ಸೂತ್ರಕ್ಕಿಂತ ಮೊದಲು ಒಂದೊಂದು ಸರ್ವನಾಮಕ್ಕೂ ಮನುಷ್ಯನ ಹೆಸರು ಹಾಕಿಕೊಳ್ಳಿ. ಆಮೇಲೆ ಆ ಮನುಷ್ಯ ಈಗ ನಿಮಗೆ ಯಾರು, ನಿಮ್ಮೆದುರು ಇರುವವರಿಗೆ ಯಾರು ಎಂದು ನೋಡಿ ಹೊಸ ಸರ್ವನಾಮ ಕೊಡಿ.

ಕಾಲದ ವಿಷಯದಲ್ಲಿ ನಮ್ಮವರು ಎರಡು ಕಡೆಯೂ ಜಾರುತ್ತಾರೆ. ಕೆಲವರು ಬದಲಿಸುವುದೇ ಇಲ್ಲ, ಕೆಲವರು ಕಂಡದ್ದನ್ನೆಲ್ಲ ‘ಹ್ಯಾಡ್’ ಮಾಡುತ್ತಾರೆ. ನಮ್ಮ ಆಫೀಸಿನಲ್ಲಿ ದಿನವೂ ಬರುವ ಮಾತೊಂದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಒಬ್ಬಾಕೆ ಫೋನ್ ಮಾಡಿ “ದ ಸರ್ವರ್ ಇಸ್ ಡೌನ್” ಎಂದರು. ಮಧ್ಯಾಹ್ನ ಎರಡಕ್ಕೆ ನೀವು ಅದನ್ನು ವರದಿ ಮಾಡುತ್ತೀರಿ. “ಶಿ ಸೆಡ್ ದ ಸರ್ವರ್ ವಾಸ್ ಡೌನ್” ಎಂದರೆ, ಹತ್ತು ಗಂಟೆಗೆ ಆಕೆ ಹಾಗೆ ಹೇಳಿದರು, ಈಗಿನ ಸ್ಥಿತಿಗೆ ನಾನು ಹೊಣೆಯಲ್ಲ. “ಶಿ ಸೆಡ್ ದ ಸರ್ವರ್ ಇಸ್ ಡೌನ್” ಎಂದರೂ ವ್ಯಾಕರಣದ ತಪ್ಪಲ್ಲ, ಆದರೆ ಈಗಲೂ ಕೆಟ್ಟೇ ಇದೆ ಎಂದು ಕೇಳುವವರು ತಿಳಿಯುತ್ತಾರೆ. ಯಾರೋ ಓಡಿಹೋಗಿ ಸರಿಯಾಗಿರುವ ಯಂತ್ರವನ್ನು ಬಂದ್ ಮಾಡಿ ಮತ್ತೆ ಶುರುಮಾಡುತ್ತಾರೆ. “ಶಿ ಸೆಡ್ ದ ಸರ್ವರ್ ಹ್ಯಾಡ್ ಬೀನ್ ಡೌನ್” ಎಂದರೆ ಆಕೆ ಫೋನ್ ಮಾಡುವ ಮೊದಲೇ ಕೆಟ್ಟಿತ್ತು ಎಂದಾಗುತ್ತದೆ. ‘ಇಸ್’ ಎಂದು ಕೇಳಿದ್ದನ್ನು ‘ಹ್ಯಾಡ್ ಬೀನ್’ ಮಾಡುವುದು ಆಕೆ ಹೇಳದ ಮಾತನ್ನು ಆಕೆಯ ಬಾಯಿಗೆ ಹಾಕಿದ ಹಾಗೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥದ್ದಕ್ಕೆ ಕಾಲ ಬದಲಿಸಬೇಕಿಲ್ಲ ಎಂದು ಪುಸ್ತಕದಲ್ಲಿರುವುದೂ ಇದೇ ಕಾರಣಕ್ಕೆ: ಅದು ಅಂದೂ ನಿಜ, ಇಂದೂ ನಿಜ.

ಇಷ್ಟೆಲ್ಲ ಹೇಳಿದ ಮೇಲೆ ಕನ್ನಡದ ಪರವಾಗಿ ಒಂದು ಮಾತು. ನಮ್ಮಲ್ಲೂ ಮಾತನ್ನು ತಿರುಗಿಸಿ ಹೇಳುವ ರೀತಿ ಇದೆ, ದಿನಪತ್ರಿಕೆ ತೆಗೆದರೆ ಕಾಣುತ್ತದೆ: “ತಾನು ಬರುವುದಾಗಿ ಹೇಳಿದ.” ಇಲ್ಲಿ ‘ತಾನು’ ಎಂದರೆ ಹೇಳಿದವನೇ, ಬೇರೆಯವನಲ್ಲ. ಇಂಗ್ಲಿಷಿಗೆ ಈ ‘ತಾನು’ ಇಲ್ಲ. “ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್.” ಪಾಸಾದವನು ರವಿಯೋ, ಸುರೇಶನೋ, ಮೂರನೆಯವನೋ? ವ್ಯಾಕರಣ ಪೂರ್ತಿ ಸರಿಯಿದೆ, ಅರ್ಥ ಮಾತ್ರ ತೂಗಾಡುತ್ತಿದೆ. ಅಂಥ ಕಡೆ ಇಂಗ್ಲಿಷಿನವರೂ ಹೆಸರನ್ನೇ ಇನ್ನೊಮ್ಮೆ ಬರೆಯುತ್ತಾರೆ, ಇಲ್ಲವೇ ಉದ್ಧರಣ ಚಿಹ್ನೆ ಹಾಕಿ ಹೇಳಿದ್ದನ್ನು ಹೇಳಿದ ಹಾಗೇ ಕೊಡುತ್ತಾರೆ. ನಾನೂ ಈಗ ತುರ್ತಿನ ಮೇಲುಗಳಲ್ಲಿ ಬಹಳ ಸಲ ಹಾಗೇ ಮಾಡುತ್ತೇನೆ: ಹೇಳಿದವರ ಹೆಸರು, ಹೇಳಿದ ದಿನ, ಚಿಹ್ನೆಯೊಳಗೆ ಅವರದೇ ಮಾತು.

ಊಟದ ಗಂಟೆ ಹೊಡೆಯುವ ಮೊದಲು ನಿಮಗೊಂದು ಲೆಕ್ಕ. ಮುಖ್ಯೋಪಾಧ್ಯಾಯರು ಹೋದ ವಾರ ಫೋನಿನಲ್ಲಿ ನನಗೆ ಹೇಳಿದ್ದು: “ಐ ವಿಲ್ ಗಿವ್ ಯು ಟ್ವೆಂಟಿ ಮಿನಿಟ್ಸ್, ಮೈ ಸ್ಟೂಡೆಂಟ್ಸ್ ವಿಲ್ ಆಸ್ಕ್ ಯು ಕ್ವೆಶ್ಚನ್ಸ್.” ಇದನ್ನು ನಾನು ಈಗ ನಿಮಗೆ, ಅವರ ಎದುರಿಗೇ, ಇಂಗ್ಲಿಷಿನಲ್ಲಿ ಹೇಳಬೇಕು. ‘ಮೈ ಸ್ಟೂಡೆಂಟ್ಸ್’ ಎಂಬುದು ಏನಾಗುತ್ತದೆ? ‘ಹಿಸ್ ಸ್ಟೂಡೆಂಟ್ಸ್’ ಎಂದು ಹಿಂದಿನ ಸಾಲಿನಿಂದ ಒಬ್ಬ ಆಗಲೇ ಹೇಳಿಬಿಟ್ಟ. ಆ ವಿದ್ಯಾರ್ಥಿಗಳು ಯಾರು ಎಂದು ನಿಮ್ಮ ಅಕ್ಕಪಕ್ಕ ಒಮ್ಮೆ ನೋಡಿಕೊಂಡು ಇನ್ನೊಂದು ಸಲ ಹೇಳಪ್ಪ.